ತಿಂಗಳಿಗೆ ಐವತ್ತು ಇಳಿಯುವ ದಂಡ

ಸಿಟ್ಟು ಬಂದಾಗ ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವುದಿಲ್ಲ. ಹೊರಗೆ ನೋಡುತ್ತ ಹೋದರೆ ಸಿಟ್ಟೆಲ್ಲ ಇಳಿದುಬಿಡುತ್ತದೆ. ಅವತ್ತು ಖಾನಾಪುರದಿಂದ ಬೆಳಗಾವಿಗೆ ಹೊರಟಾಗ ಸಿಟ್ಟನ್ನು ಹಾಗೆಯೇ ಒಯ್ಯಬೇಕಿತ್ತು. ನಮ್ಮದು ನಟ್ಟು, ಬೋಲ್ಟು, ಪಂಪಿನ ಬಿಡಿಭಾಗಗಳ ಅಂಗಡಿ. ಮಾವ ಶುರು ಮಾಡಿದ್ದು, ಈಗ ನಡೆಸುವವಳು ನಾನು. ಹಿಂದಿನ ದಿನ ಜಿಎಸ್‌ಟಿ ಇಲಾಖೆಯ ನೋಟೀಸು ಬಂದಿತ್ತು. ಜುಲೈ ತಿಂಗಳ ರಿಟರ್ನ್ ಆಗಸ್ಟ್ ಇಪ್ಪತ್ತರೊಳಗೆ ಬಂದಿಲ್ಲ, ಹದಿನೈದು ದಿನದಲ್ಲಿ ಸಲ್ಲಿಸದಿದ್ದರೆ ನಿಮ್ಮ ತೆರಿಗೆಯನ್ನು ನಾವೇ ಅಂದಾಜು ಮಾಡುತ್ತೇವೆ ಎಂದು.

ರಿಟರ್ನ್ ತುಂಬುವ ಹುಡುಗಿ ಮಹಾಂತೇಶ ನಗರದಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಆಫೀಸು ಇಟ್ಟುಕೊಂಡಿದ್ದಳು. ಅವಳಿಂದ ಫೈಲು ವಾಪಸ್ ತರುವುದೆಂದು ನಿರ್ಧರಿಸಿಯೇ ಹೋಗಿದ್ದೆ. ನೀರು ಕೊಟ್ಟಳು, ಕುಡಿಯಲಿಲ್ಲ.

"ಇದಕ್ಕ ಏನು ಉತ್ತರಾ ಬರೀತಿ?" ಎಂದೆ, ಮೊಬೈಲು ಮುಂದೆ ಹಿಡಿದು.

"ಉತ್ತರಾ ಬರಿಯೂದು ಏನೂ ಇಲ್ಲರಿ ಅಕ್ಕಾರ. ರಿಟರ್ನ್ ತುಂಬಿದ್ರ ಅದ ಉತ್ತರ. ನೋಟೀಸು ತಾನ ಬಿದ್ದು ಹೋಗತೈತಿ. ಲೇಟ್ ಫೀ ಮಾತ್ರ ದಿನಕ್ಕ ಐವತ್ತು, ರೊಕ್ಕದಾಗ ಕಟ್ಟಬೇಕು. ಖರೀದಿ ಮ್ಯಾಲೆ ಕಟ್ಟಿದ ತೆರಿಗಿ ಜಮಾ ಇರತೈತಲ್ಲ, ಆ ಇನ್‌ಪುಟ್ ಕ್ರೆಡಿಟ್ ಎಷ್ಟ ಇದ್ರೂ ಅದಕ್ಕ ನಡಿಯಂಗಿಲ್ಲ."

"ಪ್ರತಿ ತಿಂಗಳಾ ಯಾಕ ಲೇಟ್ ಮಾಡತಿ?"

ಅವಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಮೇ ತಿಂಗಳಲ್ಲಿ ಸಲ್ಲಿಸಿದ್ದು ಮೂವತ್ತಕ್ಕೆ, ದಂಡ ಐನೂರು. ಜೂನ್‌ನಲ್ಲಿ ಇಪ್ಪತ್ತೊಂಬತ್ತಕ್ಕೆ, ನಾನೂರ ಐವತ್ತು. ಜುಲೈನಲ್ಲಿ ಇಪ್ಪತ್ತೆಂಟಕ್ಕೆ, ನಾನೂರು. ನನ್ನ ಜಗಳ ಅಲ್ಲೇ ನಿಂತಿತು. ಸೋಮಾರಿಗಳ ತಡ ಹೀಗಿರುವುದಿಲ್ಲ. ಒಮ್ಮೆ ಮೂರು ದಿನ, ಒಮ್ಮೆ ಇಪ್ಪತ್ತು ದಿನ ಆಗಬೇಕು. ಇದು ಹತ್ತು, ಒಂಬತ್ತು, ಎಂಟು! ಯಾರೋ ಅಳೆದು ಇಳಿಸಿದ ಹಾಗೆ. ಯಾಕೆ ಎಂದು ತಿಳಿಯದೆ ಎದ್ದು ಹೋಗುವುದು ನನ್ನಿಂದ ಆಗದ ಕೆಲಸ.

"ಇದೇನು, ತಿಂಗಳಿಗೊಂದು ದಿನಾ ಸುಧಾರಸಾಕತ್ತೀಯೇನು?"

ಅವಳಿಗೆ ನಗು ಬಂತು. "ನೀವು ಬಿಲ್ಲಿನ ಫೋಟೋ ಕಳಸಿದ ದಿನಾನ ತುಂಬೀನ್ರಿ. ಒಟಿಪಿ ನೀವ ಹೇಳೀರಿ."

ಹೌದು, ಹೇಳಿದವಳು ನಾನೇ. ತಾರೀಖು ನೋಡಿದವಳಲ್ಲ. ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮಗುಚಿದೆ. ಮೂವತ್ತು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು. ಮೂರರ ಮೇಲೂ ಕಪ್ಪು ಚುಕ್ಕಿ ಇತ್ತು. ಆಗಸ್ಟಿನ ಚುಕ್ಕಿ ಇಪ್ಪತ್ತೇಳಕ್ಕೆ, ಅಂದರೆ ನಾಳೆ.

ಅಮಾವಾಸ್ಯೆ. ಮಾವ ತಿಂಗಳ ಬಿಲ್ಲುಗಳನ್ನು ಬಟ್ಟೆಯಲ್ಲಿ ಕಟ್ಟಿ ಗಲ್ಲಾಪೆಟ್ಟಿಗೆಯ ಹಿಂದೆ ಇಡುತ್ತಾರೆ; ಅಮಾವಾಸ್ಯೆಯ ಪೂಜೆ ಆಗದೆ ಗಂಟು ಬಿಚ್ಚುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ನೋಡಿದ ಪದ್ಧತಿ. ಇಲಾಖೆಯ ಇಪ್ಪತ್ತನೇ ತಾರೀಖಿಗೂ ಅದಕ್ಕೂ ಏನು ಸಂಬಂಧ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು.

"ನಿನಗ ಗೊತ್ತಿತ್ತಾ?"

"ಅಂದಾಜ ಇತ್ರಿ. ನಿಮ್ಮ ಮನಿ ಪದ್ಧತಿ, ನಾ ಹೆಂಗ ಅನ್ನೂದು?" ಕ್ಯಾಲೆಂಡರಿನ ಹಾಳೆಗಳನ್ನು ಸರಿಮಾಡುತ್ತ ಅಂದಳು: "ನಿಮ್ಮ ಬಾಜೂ ಅರವಿ ಅಂಗಡಿಯವರು ಹೋದ ತಿಂಗಳಾ ಫೈಲ್ ಒಯ್ದರ್ರಿ. ನಾ ಕೆಲಸಾ ಸರಿ ಮಾಡಂಗಿಲ್ಲ ಅಂತ ನೀವು ಹೇಳಿದ್ರಂತ."

ಹೇಳಿದ್ದೆ. ಚಹಾ ಕುಡಿಯುತ್ತ, ಸಲೀಸಾಗಿ.

ಅಲ್ಲಿಂದಲೇ ಮಾವನಿಗೆ ಫೋನ್ ಮಾಡಿದೆ. ಗಂಟು ಇವತ್ತೇ ಬಿಚ್ಚಬೇಕು ಎಂದೆ. ಬೈಗುಳ ಬರುತ್ತದೆ ಎಂದುಕೊಂಡೆ. ಅಮಾವಾಸ್ಯೆಯೇ ಯಾಕೆ ಎಂದು ಮೊದಲ ಸಲ ಕೇಳಿದೆ.

"ಮೊದಲೆಲ್ಲಾ ಅಮಾಸಿಗೆ ಅಂಗಡಿ ಬಂದ್ ಇಡತಿದ್ವಿ ಯವ್ವಾ. ಕುಂತು ಲೆಕ್ಕಾ ಬರಿಯಾಕ ಪುರಸೊತ್ತು ಅವತ್ತ ಸಿಗತಿತ್ತು. ಮತ್ತೇನಿಲ್ಲ."

"ಈಗ ಬಂದ್ ಇಡೂದ ಇಲ್ಲಲ್ಲರೀ?"

"ಖರೇ ಐತಿ," ಎಂದರು, ತಾವೂ ಆಗಲೇ ಕಂಡುಕೊಂಡವರಂತೆ.

ಅರ್ಧ ಗಂಟೆಯಲ್ಲಿ ಫೋಟೋಗಳು ಬಂದವು, ಕೆಲವು ತಲೆಕೆಳಗಾಗಿ. ಅವಳು ತುಂಬಿದಳು, ನಾನು ಒಟಿಪಿ ಹೇಳಿದೆ. ತಡ ಆರು ದಿನ. ಅದರ ಮುನ್ನೂರು ಮುಂದಿನ ತಿಂಗಳ ರಿಟರ್ನಿನಲ್ಲಿ ಬಂದು ಕೂರುತ್ತದೆ ಎಂದಳು. ಕೂರಲಿ.

ಊರಿಗೆ ಬಂದವಳು ಮನೆಗೂ ಹೋಗದೆ ಅರಿವೆ ಅಂಗಡಿಯ ಮೆಟ್ಟಿಲು ಹತ್ತಿದೆ. ಆ ಹುಡುಗಿಯ ತಪ್ಪಿರಲಿಲ್ಲ, ತಡ ನಮ್ಮದೇ, ನಾನು ಸುಳ್ಳು ಹೇಳಿದಂತಾಯಿತು ಎಂದೆ. ಅಂಗಡಿಯವರು ಮೀಟರುಗೋಲು ಕೆಳಗಿಟ್ಟರು.

"ಹೊಸಬನೂ ಲೇಟ್ ಮಾಡಾಕತ್ತಾನ್ರಿ, ವಹಿನಿ. ಮೊನ್ನೆ ಅವಗೂ ಬೈದೆ."

"ನೀವು ಬಿಲ್ಲು ಯಾವತ್ತ ಕೊಡತೀರಿ?"

"ಮತ್ಯಾವತ್ತ? ಅಮಾಸಿ..." ಎಂದವರು ನನ್ನನ್ನೇ ನೋಡಿದರು. ಆಮೇಲೆ ಮೊಬೈಲು ಕೈಗೆ ತೆಗೆದುಕೊಂಡು, "ಆಕಿ ನಂಬರ್ ಅಳಿಸೀನಿ. ಹೇಳ್ರಿ," ಎಂದರು.