ಮೂರನೆಯ ಸಾಲಿನ ವೋಲ್ಟೇಜು

ಓದುವ ಮಹನೀಯರಲ್ಲಿ ಮೊದಲಿಗೆ ನಿವೇದಿಸಬೇಕಾದುದೇನೆಂದರೆ, ಈ ಕೆಳಗೆ ಸಹಿ ಮಾಡದೆ ಬರೆಯುತ್ತಿರುವ ನಾನು ಇದುವರೆಗೆ ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲ. ಆದಕಾರಣ ಸದರಿ ಬರಹದಲ್ಲಿ ಕ್ರಮ ತಪ್ಪಿದ್ದಲ್ಲಿ ಕ್ಷಮೆ ಇರಲಿ. ವಿಷಯ ಮಾತ್ರ ನಡೆದದ್ದು.

ಮಹಾಯುದ್ಧದ ಕಾಲದಲ್ಲಿ ನಾನು ಗೋಕಾಕ ಸೀಮೆಯ ಒಂದು ನೂಲಿನ ಗಿರಣಿಯ ವಿದ್ಯುತ್ ಮನೆಯಲ್ಲಿ ಪರೀಕ್ಷಾ ಸಹಾಯಕನಾಗಿದ್ದೆ. ಘಟಪ್ರಭೆಯ ನೀರಿನಿಂದ ತಿರುಗುವ ಯಂತ್ರಗಳ ವೋಲ್ಟೇಜು ಅಳೆದು ಬರೆದಿಡುವುದು ನನ್ನ ಕೆಲಸ. ಗಿರಣಿಯ ಕೆಲಸಗಾರರಿಗೆ ಮೂರು ಸಾಲು ಮನೆಗಳಿದ್ದವು. ಮನೆಗಳನ್ನು ಊರಿನ ಪ್ರಕಾರ ಹಂಚುವುದು ಅಲ್ಲಿನ ರೂಢಿ: ಮೊದಲನೆಯದು ನಾಗನೂರಿನವರದು, ಎರಡನೆಯದು ಕೊಣ್ಣೂರಿನವರದು, ಮೂರನೆಯದು ಕುಲಗೋಡದವರದು. ಸಾಲಿಗೆ ಮೂವತ್ತು ದೀಪ, ಎಲ್ಲವೂ ಒಂದೇ ಅಳತೆಯವು. ಮೂರನೆಯ ಸಾಲಿನ ತುದಿಯಲ್ಲಿ ಗಿರಣಿಯ ದವಾಖಾನೆ ಇತ್ತು.

ಸಾಲಿಗೊಂದರಂತೆ ಮೂರು ತಂತಿಗಳಲ್ಲಿ ವಿದ್ಯುತ್ತು ಹೋಗುತ್ತಿತ್ತು. ಯಾವುದೇ ಎರಡು ತಂತಿಗಳ ನಡುವೆ ನಾನೂರು ವೋಲ್ಟ್. ಎಲ್ಲ ದೀಪಗಳ ಇನ್ನೊಂದು ತುದಿಗಳು ಬಡಾವಣೆಯ ಕಂಬದ ಮೇಲೆ ಒಂದೆಡೆ ಕೂಡುತ್ತಿದ್ದವು. ಆ ಕೂಡು ಬಿಂದುವಿನಿಂದ ವಿದ್ಯುತ್ ಮನೆಗೆ ಮರಳುವ ನಾಲ್ಕನೆಯ ತಂತಿಯೂ ಮೊದಲಿಗೆ ಇತ್ತು. ಯುದ್ಧದಿಂದಾಗಿ ತಾಮ್ರ ಸಿಗದಂತಾದಾಗ, ಮೂರೂ ಸಾಲಿನ ಹೊರೆ ಸಮನಾಗಿರುವುದರಿಂದ ಆ ತಂತಿಯಲ್ಲಿ ಏನೂ ಹರಿಯುವುದಿಲ್ಲವೆಂಬ ಕಾರಣ ನಮೂದಿಸಿ, ಮೇಲಿನವರು ಅದನ್ನು ಇಳಿಸಲು ಆಜ್ಞಾಪಿಸಿದರು. ಕಾರಣ ಸುಳ್ಳಾಗಿರಲಿಲ್ಲ. ಹೊರೆ ಸಮನಾಗಿರುವಷ್ಟು ದಿನ ಪ್ರತಿ ದೀಪಕ್ಕೂ ಇನ್ನೂರ ಮೂವತ್ತು ವೋಲ್ಟೇ ಸಿಗುತ್ತಿತ್ತು.

ಆ ಚಳಿಗಾಲದ ಕೊನೆಗೆ ಹುಕ್ಕೇರಿಯ ತವರಿನಿಂದ ಮರಳಿದ್ದ ನನ್ನ ಪತ್ನಿಗೆ ಏಳನೆಯ ತಿಂಗಳಿನಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು, ಅಂಗೈಯಲ್ಲಿ ಹಿಡಿಸುವಷ್ಟು. ದವಾಖಾನೆಯ ನರ್ಸಬಾಯಿಯವರು ಕಟ್ಟಿಗೆಯ ಪೆಟ್ಟಿಗೆಯೊಂದರಲ್ಲಿ ಹತ್ತಿ ಹಾಸಿ, ಮೇಲೆ ಒಂದು ಬಲ್ಬು ಉರಿಸಿ, ಕೂಸನ್ನು ಬೆಚ್ಚಗಿಟ್ಟರು. ಬಿಸಿನೀರಿನ ಬಾಟಲಿಗಳಿದ್ದರೂ ಅವು ಬೇಗ ಆರುತ್ತಿದ್ದವು. ಬಲ್ಬಿನ ಶಾಖವೇ ಕೂಸಿನ ಜೀವಕ್ಕೆ ಆಧಾರವೆಂದು ಅವರು ಸ್ಪಷ್ಟವಾಗಿ ತಿಳಿಸಿದ್ದರು.

ಅದೇ ವಾರ ಜೋಳದ ಸುಗ್ಗಿಗೆಂದು ಕುಲಗೋಡದವರಲ್ಲಿ ಹೆಚ್ಚಿನವರು ಮನೆಗಳಿಗೆ ಕೀಲಿ ಹಾಕಿ ಒಟ್ಟಿಗೇ ಊರಿಗೆ ಹೋದರು. ಮೂರನೆಯ ಸಾಲಿನಲ್ಲಿ ದವಾಖಾನೆಯದನ್ನು ಕೂಡಿ ಹತ್ತು ದೀಪ ಉಳಿದವು. ಅಂದು ಸಂಜೆ ದೀಪ ಹತ್ತಿದ ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಬಲ್ಬು ಬೆಳ್ಳಗೆ ಹೊಳೆದು ಆರಿತು. ಇನ್ನೊಂದು ಹಾಕಿದರು. ಅದೂ ಹೋಯಿತು.

"ರಾಯರ, ಉಳಿದದ್ದು ಇದೊಂದ ಬಲ್ಬರೀ. ಕೂಸಿನ ಕಾಲು ಆಗಲೇ ತಣ್ಣಗ ಆಗ್ಯಾವು," ಎನ್ನುತ್ತ ನರ್ಸಬಾಯಿ ಅದನ್ನೂ ಹಾಕಿದರು.

ನಾನು ವೋಲ್ಟ್ ಮಾಪಕ ತಂದು ಅಳೆದೆ. ದವಾಖಾನೆಯಲ್ಲಿ ಇನ್ನೂರ ತೊಂಬತ್ತಾರು. ಉಳಿದ ಎರಡು ಸಾಲುಗಳಲ್ಲಿ ಇನ್ನೂರ ಐದು. ಅಲ್ಲಿಯೇ ನೆಲದ ಮೇಲೆ ಸುಣ್ಣದ ಹರಳಿನಿಂದ ಸಮಭುಜ ತ್ರಿಕೋನ ಬರೆದೆ. ಮೂರು ಮೂಲೆಗಳು ಮೂರು ತಂತಿಗಳು; ಮೂಲೆಯಿಂದ ಕೂಡು ಬಿಂದುವಿಗಿರುವ ದೂರವೇ ಆ ಸಾಲಿನ ದೀಪಗಳಿಗೆ ಸಿಗುವ ವೋಲ್ಟೇಜು. ಹೊರೆ ಸಮನಿದ್ದರೆ ಕೂಡು ಬಿಂದು ನಟ್ಟ ನಡುವೆ ನಿಲ್ಲುತ್ತದೆ. ಮೂವತ್ತು, ಮೂವತ್ತು, ಹತ್ತು ಎಂದಾದರೆ ದೀಪ ಹೆಚ್ಚಿರುವ ಎರಡು ಮೂಲೆಗಳು ಅದನ್ನು ತಮ್ಮತ್ತ ಎಳೆಯುತ್ತವೆ. ಇನ್ನೂರ ಮೂವತ್ತರ ಏಳರಲ್ಲಿ ಎರಡು ಪಾಲಿನಷ್ಟು, ಅಂದರೆ ಸುಮಾರು ಅರವತ್ತಾರು ವೋಲ್ಟ್, ಬಿಂದು ಮೂರನೆಯ ಮೂಲೆಯಿಂದ ದೂರ ಸರಿದಿತ್ತು. ಮಾಪಕವೂ ಲೆಕ್ಕವೂ ಒಂದನ್ನೇ ಹೇಳಿದವು. ದೀಪ ಸುಟ್ಟಷ್ಟೂ ಆ ಸಾಲಿನ ಹೊರೆ ಇನ್ನೂ ಇಳಿದು, ಉಳಿದವಕ್ಕೆ ವೋಲ್ಟೇಜು ಇನ್ನೂ ಏರುವುದಿತ್ತು.

ನನ್ನೊಡನಿದ್ದ ಹಿರಿಯ ವೈರಮನ್ನರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. "ಕೀಲಿ ಹಾಕಿದ ಮನ್ಯಾಗ ದೀಪ ಹಚ್ಚಾಕ ಆಗೂದಿಲ್ಲ ತಮ್ಮಾ," ಎಂದರು ಅವರು. "ಹಂಗಾರ ಆ ಎರಡೂ ಸಾಲಿನ್ಯಾಗ ಆರಸೂಣು."

ಅದು ಸರಿಯಾಗಿತ್ತು. ಮೂರೂ ಸಾಲಿನಲ್ಲಿ ಹತ್ತು ಹತ್ತಾದರೆ ಬಿಂದು ನಡುವಿಗೆ ಮರಳುತ್ತಿತ್ತು. ಕಾಕಾ ನಾಗನೂರಿನವರ ಸಾಲಿಗೆ ಹೋದರು, ನಾನು ಕೊಣ್ಣೂರಿನವರ ಸಾಲಿಗೆ.

ನಾಗನೂರಿನ ಅಜ್ಜಿಯೊಬ್ಬರು ತಾವೇ ಮುಂದಾಗಿ ಮನೆಮನೆಗೆ ಕೂಗಿ ಹೇಳಿದರಂತೆ: "ಆರಸ್ರ್ಯೋ! ಕತ್ತಲ್ಯಾಗ ಉಂಡ್ರ ನಿಮ್ಮ ತುತ್ತು ಹಾದಿ ತಪ್ಪೂದಿಲ್ಲ!" ಇಪ್ಪತ್ತು ಮನೆಗಳು ಆರಿದವು.

ಕೊಣ್ಣೂರಿನವರ ಮೇಸ್ತ್ರಿಯಾದ ಮುಕಾದಮ ಮಾತ್ರ ಊಟದಿಂದ ಏಳದೆ ನಕ್ಕ. "ಏನ್ರಿ ರಾಯರ, ನಮ್ಮ ದೀಪ ಆರಿಸಿದ್ರ ಅಲ್ಲಿ ಕೂಸು ಬೆಚ್ಚಗ ಆಗತೈತ್ರಿ? ಇದ್ಯಾವ ಮಾಟಾರೀ?"

ನಾನು ತ್ರಿಕೋನದ ಮಾತು ಎತ್ತಿದೆ. ವಿವರಿಸಿದಷ್ಟೂ ಅವನಿಗೆ ಅದು ಮಾಟವಾಗಿಯೇ ಕೇಳಿಸಿತು. ಅಷ್ಟರಲ್ಲಿ ಅವನ ತಲೆಯ ಮೇಲಿನ ದೀಪ ಕೆಂಡದಂತೆ ಮಂಕಾಯಿತು.

"ನೋಡ್ರಿ! ನಮ್ಮ ಕರಂಟ್ ಕದ್ದು ನಾಗನೂರಾಂವಗ ಕೊಟ್ರು!" ಎಂದು ಅವನು ಎದ್ದು ನಿಂತ. "ಇನ್ನ ಒಂದ ದೀಪಾನೂ ಆರಸಬ್ಯಾಡ್ರೋ ಯಾರೂ!"

ಒಂದೇ ಸಾಲು ಆರಿದ್ದರ ಫಲವದು. ಹತ್ತು, ಮೂವತ್ತು, ಹತ್ತು ಆದಾಗ ಕೂಡು ಬಿಂದು ಈಗ ಕೊಣ್ಣೂರಿನವರ ಮೂಲೆಯತ್ತ ಓಡಿತ್ತು. ಅವರಿಗೆ ನೂರ ಮೂವತ್ತೆಂಟು ಉಳಿದು, ದವಾಖಾನೆಗೂ ನಾಗನೂರಿನವರಿಗೂ ಇನ್ನೂರ ಎಂಬತ್ತೇಳರಂತೆ ಬಿದ್ದಿತು. ಅಂದರೆ ಕೂಸಿನ ಬಲ್ಬಿಗೆ ಒಂಬತ್ತು ವೋಲ್ಟಿನ ಲಾಭ. ನಮಗೆ ಉಪಕಾರ ಮಾಡಿದವರ ದೀಪಗಳು ಒಂದೊಂದಾಗಿ ಸುಡತೊಡಗಿದವು. ನಾಗನೂರಿನವರು ಗಾಬರಿಯಿಂದ ಆರಿಸಿದ್ದನ್ನೆಲ್ಲ ಮತ್ತೆ ಹಚ್ಚಿದರು. ನಾನು ದವಾಖಾನೆಗೆ ಓಡಿ ಬರುವಷ್ಟರಲ್ಲಿ ಪೆಟ್ಟಿಗೆಯ ಕೊನೆಯ ಬಲ್ಬು ಕಪ್ಪಾಗಿತ್ತು.

ಆಗ ನನಗೆ ಹೊಳೆದದ್ದು ಮೊದಲೇ ಹೊಳೆಯಬಹುದಾಗಿತ್ತು ಎಂಬ ಯೋಚನೆ ಇಂದಿಗೂ ಬಿಟ್ಟಿಲ್ಲ. ಕೂಡು ಬಿಂದು ಎಲ್ಲಿಗೆ ಓಡಿದರೂ ಎರಡು ತಂತಿಗಳ ನಡುವಿನ ನಾನೂರು ಬದಲಾಗುವುದಿಲ್ಲ. ಒಂದೇ ಅಳತೆಯ ಎರಡು ಬಲ್ಬುಗಳನ್ನು ಒಂದರ ಹಿಂದೊಂದು ಜೋಡಿಸಿ ಎರಡು ತಂತಿಗಳಿಗೇ ಕಟ್ಟಿದರೆ, ತಲಾ ಇನ್ನೂರು ವೋಲ್ಟ್ ನಿಶ್ಚಿತ. ಹೇಳಿದ ಕೂಡಲೇ ಕಾಕಾ ಕಂಬ ಹತ್ತಿ, ಎರಡನೆಯ ಸಾಲಿನ ತಂತಿಯನ್ನು ದವಾಖಾನೆಗೆ ಎಳೆದರು. ನಾಗನೂರಿನ ಅಜ್ಜಿ ತಮ್ಮ ಮನೆಯ ಬಲ್ಬನ್ನೂ ನೆರೆಮನೆಯದನ್ನೂ ಸೆರಗಿನಲ್ಲಿ ಸುತ್ತಿ ತಂದುಕೊಟ್ಟರು. ಎರಡೂ ದೀಪ ಹತ್ತಿದವು. ತುಸು ಹಳದಿಯಾಗಿ, ಅಲುಗದೆ ಉರಿದವು.

ನರ್ಸಬಾಯಿ ಪೆಟ್ಟಿಗೆಯೊಳಗೆ ಕೈಯಿಟ್ಟು, ಕೂಸಿನ ಎದೆಯ ಮೇಲೆ ಬೆರಳಿಟ್ಟು ನೋಡಿ, ಹತ್ತಿಯನ್ನು ಅದರ ಮುಖದವರೆಗೂ ಹೊದಿಸಿದರು.

"ಪೆಟಗಿ ಬೆಚ್ಚಗ ಆಗೇತ್ರಿ," ಎಂದರು. ಕೂಸಿನ ಬಗ್ಗೆ ಅವರು ಏನೂ ಹೇಳಲಿಲ್ಲ. ಒಳಕೋಣೆಯಿಂದ ನನ್ನ ಪತ್ನಿ, "ದೀಪ ಹತ್ತಿತಲ್ಲರೀ, ಕೂಸಿನ್ನ ಈಗ ಕೊಡ್ರಿ," ಎಂದು ಕರೆಯುತ್ತಿದ್ದಳು. ಕೊಟ್ಟೆವು.

ತರುವಾಯ ನಾಲ್ಕನೆಯ ತಂತಿಯನ್ನು ಮತ್ತೆ ಕಟ್ಟಿಸಬೇಕೆಂದು ನಾನು ಸವಿನಯ ಅರ್ಜಿ ಸಲ್ಲಿಸಿದೆ. ಪರಿಶೀಲನೆಗೆ ಸಾಹೇಬರು ಬಂದಾಗ ಸುಗ್ಗಿ ಮುಗಿದು ಕುಲಗೋಡದವರು ಮರಳಿದ್ದರು. ಮೂರೂ ಸಾಲುಗಳಲ್ಲಿ ದೀಪ ತುಂಬಿದ್ದವು. ಸಾಹೇಬರ ಮುಂದೆ ನಾನೇ ಮಾಪಕ ಹಿಡಿದೆ. ಮೊದಲ ಸಾಲು ಇನ್ನೂರ ಮೂವತ್ತು, ಎರಡನೆಯದು ಇನ್ನೂರ ಮೂವತ್ತು, ದವಾಖಾನೆಯಲ್ಲೂ ಇನ್ನೂರ ಮೂವತ್ತು.

"ಎಲ್ಲಾ ಬರೋಬ್ಬರಿ ಐತಲ್ಲಪಾ," ಎಂದರು ಅವರು, ಕನಿಕರದಿಂದಲೇ. ಮಾಪಕ ತೋರಿಸಿದ್ದಕ್ಕೆ ವಿರುದ್ಧವಾಗಿ ಹೇಳುವುದು ನನ್ನ ಹುದ್ದೆಗೆ ಸಲ್ಲದ ಕೆಲಸವಾದುದರಿಂದ, ಹೌದೆಂದು ತಲೆಯಾಡಿಸಿದೆ. ಮಾಪಕದ ತಂತಿಗಳನ್ನು ಸುತ್ತಿಕೊಂಡು ಅವರ ಹಿಂದೆ ನಡೆದೆ. ಬರುವ ಸುಗ್ಗಿಗೆ ಕುಲಗೋಡದವರು ಮತ್ತೆ ಊರಿಗೆ ಹೋಗುವವರಿದ್ದರು.