ಕತ್ತರಿ ಮಾವ ಬಾಡಿಗೆಗೆ ಅಳತೆ ತೆಗೆದದ್ದು

ನಮ್ಮ ಕತ್ತರಿ ಮಾವ ಅಂದರೆ ಅಮ್ಮನ ತಮ್ಮ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಪದರದ ಮೇಲೆ ಪದರ ಬಟ್ಟೆ ಹಾಸಿ ಅವನು ಮಷೀನು ಓಡಿಸಿದರೆ, ತಳದ ತೋಳಿಗೂ ಮೇಲಿನ ತೋಳಿಗೂ ಒಂದು ನೂಲಿನ ವ್ಯತ್ಯಾಸ ಬರುತ್ತಿರಲಿಲ್ಲ. ನಾನು ಚಿಕ್ಕಂದಿನಿಂದ ಅವನ ಅಭಿಮಾನಿ. ಹೊಗಳಿಕೆ ಸ್ವಲ್ಪ ಜಾಸ್ತಿ ಆದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆರ್ಡರ್ ಇಲ್ಲ ಅಂತ ಆ ಕಾರ್ಖಾನೆ ಬಾಗಿಲು ಹಾಕಿತು. ಮಾವ ಮನೆಗೆ ಬಂದು ಕೈಕಾಲು ತೊಳೆದು, ಊಟ ಮಾಡಿ, ಆಮೇಲೆ ಅತ್ತೆಗೆ ವಿಷಯ ಹೇಳಿದನಂತೆ. ಹಸಿದ ಹೊಟ್ಟೆಯಲ್ಲಿ ಕೇಳಿದ ಸುದ್ದಿ ಎರಡರಷ್ಟು ಭಾರ ಅನ್ನೋದು ಅವನ ಲೆಕ್ಕ.

ಅವರಿದ್ದದ್ದು ಬಾಡಿಗೆ ಮನೆ, ಮೊದಲ ಮಹಡಿ. ಕೆಳಗೆ ಮನೆಯೊಡತಿ, ನಿವೃತ್ತ ನರ್ಸು. ಬೀದಿಗೆಲ್ಲ ಅವರು ಸಿಸ್ಟರ್. ತಿಂಗಳಿಗೆ ಹನ್ನೆರಡು ಸಾವಿರ ಬಾಡಿಗೆ. ಮಗಳ ಶಾಲೆ ಎರಡು ಬೀದಿ ಆಚೆ, ಅತ್ತೆಯ ಟೈಲರಿಂಗ್ ಗಿರಾಕಿಗಳೆಲ್ಲ ಅದೇ ಓಣಿಯವರು. ಆ ಮನೆ ಬಿಟ್ಟರೆ ಅತ್ತೆಯ ದುಡಿಮೆಯೂ ಬಿದ್ದಂತೆಯೇ.

"ಸುಮ್ನೆ ಹತ್ತು ದಿನ ತಡವಾಗಿ ಕೊಟ್ರಾಯ್ತು, ಎಲ್ರೂ ಹಾಗೇ ಮಾಡ್ತಾರೆ" ಅಂದಳು ಅತ್ತೆ.

"ತಾರೀಖು ದಾಟಿದ್ಮೇಲೆ ಹೇಳಿದ್ರೆ ಅದು ನೆಪ ಕಣೇ. ಮುಂಚೆ ಹೇಳಿದ್ರೆ ಅದಕ್ಕೊಂದು ಮರ್ಯಾದೆ" ಅಂದ ಮಾವ.

ಕೂತು ಕಾಗದ ಬರೆದ. ಕೆಲಸ ಹೋದದ್ದು, ಕಾರ್ಖಾನೆ ಕೊಟ್ಟ ಪತ್ರದ ಪ್ರತಿ, ಇಷ್ಟು ವರ್ಷ ಒಂದು ತಿಂಗಳೂ ಬಾಡಿಗೆ ತಪ್ಪಿಸದೇ ಇದ್ದದ್ದು, ಎಲ್ಲವನ್ನೂ ಸೇರಿಸಿದ. ಮೂರು ತಿಂಗಳು ಆರು ಸಾವಿರ ತೆಗೆದುಕೊಳ್ಳಿ, ಉಳಿಕೆ ಹದಿನೆಂಟು ಸಾವಿರವನ್ನು ನಾಲ್ಕನೇ ತಿಂಗಳಿಂದ ಬಾಡಿಗೆ ಜೊತೆ ಮೂರು ಸಾವಿರದಂತೆ ಆರು ಕಂತಲ್ಲಿ ತೀರಿಸುತ್ತೇನೆ ಅಂತ. ಅಳು ಇಲ್ಲ, ದೊಡ್ಡ ಮನಸ್ಸು ಮಾಡಿ ಅನ್ನೋ ಮಾತೂ ಇಲ್ಲ. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಸಂದರ್ಶನಕ್ಕೆ ಹೋದಂತೆ ಕೆಳಗಿಳಿದ. ಹಿಂದೆ ಅತ್ತೆ.

ಸಿಸ್ಟರ್ ಕನ್ನಡಕ ಏರಿಸಿ ಎರಡು ಸಲ ಓದಿದರು. ಥರ್ಮಾಮೀಟರ್ ನೋಡಿದ ಮುಖದಲ್ಲೇ ಕಾಗದ ವಾಪಸ್ ಕೊಟ್ಟರು.

"ಆಗಲ್ಲಪ್ಪ. ಬೇರೆ ಮನೆ ನೋಡ್ಕೊಳ್ಳಿ."

ಅತ್ತೆ ಎದ್ದು ಬಾಗಿಲ ಕಡೆ ತಿರುಗಿದಳಂತೆ. ಮಾವ ಮಾತ್ರ ಎದ್ದೇಳಲಿಲ್ಲ. ಯಾಕಾಗಲ್ಲ ಅಂತ ತಣ್ಣಗೆ ಕೇಳಿದ. ಮೇಲಿನ ಮಹಡಿ ಕಟ್ಟಿಸಿದ್ದೇ ಬ್ಯಾಂಕ್ ಸಾಲದಲ್ಲಿ, ತಿಂಗಳ ಕಂತು ಏಳೂವರೆ ಸಾವಿರ, ಅದು ಹೋಗೋದು ಈ ಬಾಡಿಗೆಯಿಂದಲೇ, ತಮ್ಮ ಪಿಂಚಣಿ ಔಷಧಿಗೆ ಸರಿಹೋಗುತ್ತದೆ ಅಂದರು ಸಿಸ್ಟರ್.

ಮಾವ ಹಣೆ ಚಚ್ಚಿಕೊಂಡ.

"ನನ್ನ ಮೈಯಳತೆ ಮಾತ್ರ ತಗೊಂಡು ನಿಮಗೆ ಬಟ್ಟೆ ಕತ್ತರಿಸಿಬಿಟ್ಟೆ ಸಿಸ್ಟರ್. ಇಷ್ಟು ವರ್ಷ ಕತ್ತರಿ ಹಿಡಿದು ಮಾಡ್ದಿರೋ ತಪ್ಪು ಇವತ್ತು ಮಾಡ್ದೆ."

"ಸದ್ಯ, ಹೊಲಿಯೋಕೆ ಮುಂಚೆ ಗೊತ್ತಾಯ್ತಲ್ಲ" ಅಂದರು ಸಿಸ್ಟರ್. ಮುಖದ ಗಂಟು ಸ್ವಲ್ಪ ಸಡಿಲವಾಗಿತ್ತು.

ಮಾವ ಅಲ್ಲೇ ಪೆನ್ನು ಕೇಳಿ, ಕಾಗದ ಮಗುಚಿ ಹೊಸದಾಗಿ ಬರೆದ. ಮೂರು ತಿಂಗಳು ಎಂಟು ಸಾವಿರ, ಅದೂ ಬ್ಯಾಂಕಿನ ಕಂತಿನ ದಿನಕ್ಕೆ ಮುಂಚೆಯೇ. ಉಳಿಯೋದು ಹನ್ನೆರಡು ಸಾವಿರ. ನಾಲ್ಕನೇ ತಿಂಗಳಿಂದ ತಿಂಗಳಿಗೆ ಹದಿನಾಲ್ಕು ಸಾವಿರದಂತೆ ಆರು ತಿಂಗಳು ಕೊಟ್ಟರೆ ಚುಕ್ತಾ.

ಎಂಟು ಸಾವಿರ ಎಲ್ಲಿಂದ ತರ್ತೀರಿ ಅಂತ ಅತ್ತೆ ಮೊಣಕೈಯಲ್ಲಿ ತಿವಿದಳು. ಚೌಕದ ಟೈಲರ್ ಅಂಗಡಿಯವನು ಕಟಿಂಗಿಗೆ ಪೀಸ್ ಲೆಕ್ಕದಲ್ಲಿ ಕರೆದಿದ್ದಾನೆ, ದೊಡ್ಡ ಕೆಲಸ ಸಿಗೋವರೆಗೂ ಹೋಗ್ತೀನಿ ಅಂದ ಮಾವ. ಮಾಸ್ಟರ್ ಆಗಿದ್ದವನು ಅಲ್ಲಿ ಹೇಗೆ ನಿಲ್ಲೋದು ಅಂತ ಹಿಂದಿನ ದಿನವಷ್ಟೇ ಬೇಡ ಅಂದಿದ್ದನಂತೆ.

ಸಿಸ್ಟರ್ ಬಿಡಲಿಲ್ಲ. "ನಾಲ್ಕನೇ ತಿಂಗಳೂ ಕೆಲಸ ಸಿಗ್ಲಿಲ್ಲ ಅಂದ್ರೆ?"

"ನನ್ನ ಅಡ್ವಾನ್ಸು ನಿಮ್ಮ ಹತ್ರಾನೇ ಇದೆ. ತಪ್ಪಿದ ಕಂತು ಅದರಲ್ಲಿ ಮುರ್ಕೊಳ್ಳಿ. ಮುರ್ಕೊಂಡಷ್ಟು ಆಮೇಲೆ ನಾನು ತುಂಬಿಕೊಡ್ತೀನಿ. ಅದನ್ನೂ ಬರೀತೀನಿ."

"ಬರಿ. ಮೂರು ತಿಂಗಳಾದ್ಮೇಲೆ ಬಾಡಿಗೆ ತಾನಾಗೇ ಹನ್ನೆರಡಕ್ಕೆ ವಾಪಸ್ ಅಂತಾನೂ ಬರಿ. ನಾಳೆ ನನಗೆ ಮರೆವು ಬಂದ್ರೆ ಕಷ್ಟ."

"ನಿಮಗಾ ಮರೆವು? ಹೋದ ವರ್ಷ ಒಡೆದ ಬಲ್ಬು ಇನ್ನೂ ನೆನಪಿದೆ ನಿಮಗೆ" ಅಂದಳು ಅತ್ತೆ. ಸಿಸ್ಟರ್ ನಕ್ಕರು. ಅತ್ತೆ ಆಣೆ ಮಾಡಿ ಹೇಳ್ತಾಳೆ, ಅವರು ನಕ್ಕದ್ದನ್ನು ಅವಳು ಕಂಡದ್ದು ಅದೇ ಮೊದಲಂತೆ.

ಎರಡು ಪ್ರತಿ ಮಾಡಿ ಇಬ್ಬರೂ ಸಹಿ ಹಾಕಿದರು. ತಾರೀಖು ಹಾಕಿದ್ದು ಸಿಸ್ಟರ್, ಆಸ್ಪತ್ರೆಯ ಅಭ್ಯಾಸ. ಒಂದು ಪ್ರತಿ ಅವರ ಕಪಾಟಿಗೆ, ಇನ್ನೊಂದು ಮಾವನ ಜೇಬಿಗೆ.

ಮಾವ ಮೇಲೆ ಹೋಗಿ ಇಸ್ತ್ರಿ ಅಂಗಿ ಬಿಚ್ಚಿ, ಹಳೆಯದೊಂದು ಏರಿಸಿಕೊಂಡು ಸೀದಾ ಚೌಕದ ಅಂಗಡಿಗೆ ನಡೆದ. ಅಲ್ಲಿ ಮೊದಲ ಗಿರಾಕಿಯ ಭುಜದ ಮೇಲೆ ಟೇಪು ಇಟ್ಟು, ಕೈ ಎತ್ತಿ ನಿಲ್ಲಿ ಸಾರ್ ಅಂದನಂತೆ.