ನೆಟ್ಟಗೆ ಕೂತ ಮುಚ್ಚಳ

ಪೆಟ್ಟಿಗೆಯ ಮೇಲೆ ‘ಒಡೆಯುವ ವಸ್ತು, ಜೋಪಾನ’ ಎಂಬ ಕೆಂಪು ಚೀಟಿ ಅಂಟಿಸಿದರೆ ಕೊರಿಯರಿನವರು ಅದನ್ನು ಮೆಲ್ಲಗೆ ಎತ್ತಿಡುತ್ತಾರೆಂದು ಮೊದಮೊದಲು ನಾನೂ ನಂಬಿದ್ದೆ. ದಾರಿಯಲ್ಲಿ ಅದನ್ನು ಓದುವಷ್ಟು ಪುರುಸೊತ್ತು ಯಾರಿಗಿದೆ? ಪೆಟ್ಟಿಗೆ ಬೆಲ್ಟಿನ ಮೇಲೆ ಸಾಗುತ್ತದೆ, ತುದಿಯಲ್ಲಿ ಬೀಳುತ್ತದೆ, ಅದರ ಮೇಲೆ ಇನ್ನೊಂದು ಬೀಳುತ್ತದೆ. ಪಾತ್ರೆ ಉಳಿಯಬೇಕೆಂದರೆ ಬೀಳುತ್ತದೆಂದು ತಿಳಿದೇ ಕಟ್ಟಬೇಕು.

ಮರಾಠಿ ಮಾತಿನ ಈ ಊರಿನ ಕೊಂಢವಾದಲ್ಲಿ ಒಂದು ತಗಡಿನ ಶೆಡ್ ಬಾಡಿಗೆಗೆ ಹಿಡಿದು ನಾನು ಮಣ್ಣಿನ ಉಪ್ಪಿನಕಾಯಿ ಭರಣಿಗಳನ್ನು ಮಾಡಿ ಭಟ್ಟಿಯಲ್ಲಿ ಸುಡುತ್ತೇನೆ. ಕೊರಿಯರಿನವನು ಬರುವುದು ಮಾತ್ರ ಬಿಬವೇವಾಡಿಯ ನಮ್ಮ ಮನೆಗೆ. ಬೆಳಿಗ್ಗೆ ಭರಣಿಯೊಳಗೆ ಮುದುಡಿದ ಹಳೆಯ ಪತ್ರಿಕೆಯ ಕಾಗದ ತುರುಕಿ, ಮುಚ್ಚಳ ಇಟ್ಟು ನಾನು ಶೆಡ್ಡಿಗೆ ಹೋಗುತ್ತಿದ್ದೆ. ಆಮೇಲೆ ಸುತ್ತಲೂ ಗೆರೆಗೆರೆಯ ಮೆತ್ತನೆ ರಟ್ಟು ಸುತ್ತಿ, ಟೇಪು ಅಂಟಿಸಿ, ಪೆಟ್ಟಿಗೆ ಒಪ್ಪಿಸುವುದು ಅತ್ತೆಯ ಕೆಲಸ. ಅತ್ತೆ ಬೆಳಗಾವಿಯವರು, ನಾನು ಧಾರವಾಡದವಳು. ಜಗಳವಾಡಲು ನಮಗೆ ಅದೊಂದೇ ಕಾರಣ ಸಾಕಾಗುತ್ತಿತ್ತು.

ಆ ವರ್ಷ ಬೆಂಗಳೂರಿನ ಒಂದು ಅಂಗಡಿ ನನ್ನ ಭರಣಿ ಇಟ್ಟುಕೊಳ್ಳಲು ಒಪ್ಪಿತು. ತಿಂಗಳು ತಿಂಗಳು ತೆಗೆದುಕೊಳ್ಳಬಹುದಾದ ಗಿರಾಕಿ ನನಗೆ ಅದೊಂದೇ. ಅದು ಕೈಬಿಟ್ಟರೆ ಶೆಡ್ಡಿಗೆ ಬೀಗ ಹಾಕಬೇಕು, ಭಟ್ಟಿ ಮಾರಬೇಕು. ಇದು ನನಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳದಿದ್ದರೂ ಅತ್ತೆಗೂ ಗೊತ್ತಿತ್ತು. ಮೊದಲ ಪೆಟ್ಟಿಗೆಯಲ್ಲಿ ಕೆಲವು ಒಡೆದವು. ಎರಡನೆಯದರಲ್ಲೂ ಒಡೆದವು. ನಾನು ಅತ್ತೆಗೆ ಹೇಳಿ ಸುತ್ತಲೂ ಇನ್ನಷ್ಟು ಮೆತ್ತೆ ತುಂಬಿಸಿದೆ, ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಇಡಿಸಿದೆ.

ಇಲ್ಲಿ ಒಂದು ಕಷ್ಟವಿದೆ. ಕೊರಿಯರಿನವರು ತಕ್ಕಡಿಯನ್ನಷ್ಟೇ ನೋಡುವುದಿಲ್ಲ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಐದು ಸಾವಿರದಿಂದ ಭಾಗಿಸುತ್ತಾರೆ. ಬಂದದ್ದನ್ನು ಕಿಲೋ ಎಂದು ಹಿಡಿದು, ನಿಜವಾದ ತೂಕಕ್ಕಿಂತ ಅದು ಹೆಚ್ಚಿದ್ದರೆ ಅದಕ್ಕೇ ಹಣ ಕೇಳುತ್ತಾರೆ. ಪ್ರತಿ ಬದಿಗೂ ನಾಲ್ಕು ಬೆರಳು ಬೆಳೆಸಿದರೆ ಸಾಕು, ಭರಣಿಯ ಬದಲು ನಾವು ಗಾಳಿಯನ್ನು ಕಳಿಸುತ್ತಿರುತ್ತೇವೆ. ನನ್ನ ಗಾಳಿ ನನ್ನ ಭರಣಿಗಿಂತ ದುಬಾರಿಯಾಯಿತು.

ಮೂರನೆಯ ಸಲ ಅಂಗಡಿಯಾಕೆಯೇ ಫೋನು ಮಾಡಿದರು. "ಮೇಡಂ, ಬಾಕ್ಸ್ ಒಂಚೂರೂ ಜಜ್ಜಿಹೋಗಿಲ್ಲ. ಭರಣಿ ಹೊಟ್ಟೆನೂ ಚೆನ್ನಾಗೇ ಇದೆ. ಆದ್ರೆ ಬಾಯಿ ಚಕ್ಕೆ ಎದ್ದಿದೆ, ಮುಚ್ಚಳ ಒಡ್ದಿದೆ. ಒಳಗಡೆ ಏನಾದ್ರೂ ತುಂಬ್ಬಾರ್ದಾ?"

"ಕಾಗದ ತುಂಬಿದ್ದೆನಲ್ರೀ!"

"ಕಾಗದ ಇರ್ಲಿಲ್ಲ. ಒಂದು ಪುಟ್ಟ ಪೊಟ್ಟಣದಲ್ಲಿ ಅರಿಶಿನದ ಅಕ್ಕಿ ಇತ್ತು. ಇನ್ನೊಂದೇ ಸಲ ನೋಡ್ತೀನಿ, ಬೇಜಾರ್ ಮಾಡ್ಕೋಬೇಡಿ."

ಅರಿಶಿನದ ಅಕ್ಕಿ! ಜೇಜುರಿಯ ಖಂಡೋಬನ ಗುಡಿಯಿಂದ ತಂದ ಭಂಡಾರದ ಅರಿಶಿನದ ಡಬ್ಬಿ ನಮ್ಮ ದೇವರ ಮನೆಯಲ್ಲಿ ಬಿಟ್ಟರೆ ಬೇರೆಲ್ಲಿರಬೇಕು? ಸ್ಕೂಟರು ಹತ್ತಿ ಮನೆಗೆ ಬರುವಷ್ಟರಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು.

"ಅತ್ತಿ, ಭರಣಿಯೊಳಗಿನ ಕಾಗದ ನೀವು ತಗೀತೀರೇನು?"

"ಹೌದು," ಎಂದರು ಅತ್ತೆ, ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ. "ಸತ್ತವರ ಫೋಟೋ ಇರೋ ಪೇಪರ್ ತುರುಕಿ ಮಂದಿ ಮನಿಗೆ ಕಳಸ್ತೀ? ಖಾಲಿ ಪಾತ್ರಿನೂ ಕಳಸಬಾರದು. ಅದಕ್ಕ ನಾಕು ಕಾಳು ಅಕ್ಕಿ ಹಾಕೇನಿ."

"ಮತ್ತ ಮುಚ್ಚಳ?"

"ಮುಚ್ಚಳಾನೂ ನಾನೇ ನೆಟ್ಟಗ ಇಟ್ಟೇನಿ. ನೀ ಕವುಚಿ ಇಟ್ಟಿದ್ದಿ."

ಕವುಚಿಯೇ ಇಡಬೇಕಿತ್ತು. ಮುಚ್ಚಳದ ಹಿಡಿ ಒಳಮುಖವಾಗಿ ಕಾಗದದಲ್ಲಿ ಹುದುಗಿದರೆ ಅದಕ್ಕೆ ಪೆಟ್ಟಿಲ್ಲ, ಪೆಟ್ಟಿಗೆಯ ಎತ್ತರವೂ ಕಡಿಮೆಯಾಗುತ್ತದೆ. ನೆಟ್ಟಗಿಟ್ಟರೆ ಮೇಲಿನಿಂದ ಬಿದ್ದ ಭಾರವೆಲ್ಲ ಹಿಡಿಯ ಮೇಲೆ. ಹಿಡಿಯಿಂದ ಮುಚ್ಚಳಕ್ಕೆ, ಮುಚ್ಚಳದಿಂದ ಭರಣಿಯ ಬಾಯಿಗೆ. ನಡುವೆ ಮೆತ್ತನೆಯದು ಏನೂ ಇಲ್ಲ. ಹೊರಗೆ ಎಷ್ಟು ಮೆತ್ತೆ ತುಂಬಿದರೇನು, ಒಳಗೆ ಕಲ್ಲಿಗೆ ಕಲ್ಲು ಬಡಿಯುತ್ತಿತ್ತು. ಇದನ್ನೆಲ್ಲ ನಾನು ಕೂಗಾಡಿಯೇ ಹೇಳಿದೆ. ಭಟ್ಟಿ ಮಾರುವ ಮಾತೂ ಬಂತು.

ಅತ್ತೆ ಅವರೆಕಾಯಿಯ ಬುಟ್ಟಿ ಪಕ್ಕಕ್ಕೆ ಸರಿಸಿದರು. "ನಿಮ್ಮ ಮಾವ ಹೋದ ದಿನ," ಎಂದರು, "ಮನಿಯೊಳಗಿನ ನೀರೆಲ್ಲಾ ಚೆಲ್ಲಿ, ಕೊಡಾ, ತಂಬಗಿ, ಎಲ್ಲಾ ಕವುಚಿ ಹಾಕಿದ್ರು. ಅಡಗಿ ಮನಿಗೆ ಹೋದ್ರ ಬರೇ ಬೆನ್ನು ಕಾಣಸ್ತಿದ್ವು. ನನ್ನ ಕೈಯಿಂದ ಹೋಗೋ ಪಾತ್ರಿ ಹಂಗ ಹೋಗಬಾರದು ನೋಡು. ನನಗ ಅಂಜಿಕಿ ಆಗತದ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಅತ್ತೆಯನ್ನು ನೋಡಿ ಪಾಪವೆನಿಸಿತು. ಜೊತೆಗೇ ಭಟ್ಟಿಯ ಚಿಂತೆಯೂ ಹಾಗೇ ಉಳಿಯಿತು. ಮುಚ್ಚಳವನ್ನು ಬೇರೆಯಾಗಿ ಸುತ್ತಿಡಬಹುದಿತ್ತು, ಆದರೆ ಒಂದು ಪೆಟ್ಟಿಗೆಯ ಆರು ಮುಚ್ಚಳಕ್ಕೆ ಮತ್ತೆ ಜಾಗ ಬೇಕು, ಮತ್ತೆ ಗಾಳಿಗೆ ಬಾಡಿಗೆ.

ಎರಡು ದಿನ ಮುಖ ಊದಿಸಿಕೊಂಡು ತಿರುಗಿದೆ. ಸಮಸ್ಯೆ ಇದ್ದದ್ದು ಹಿಡಿಯಲ್ಲಿ, ಮತ್ತು ಹಿಡಿ ನನ್ನ ಜಂಬವಾಗಿತ್ತು. ಎತ್ತರದ, ತಿರುಚಿದ ಹಿಡಿ. ನೋಡಿದವರು ಮೊದಲು ಹೊಗಳುತ್ತಿದ್ದದ್ದು ಅದನ್ನೇ. ಕೊರಿಯರಿನವನಿಗಾಗಿ ಭರಣಿಯ ರೂಪ ಬದಲಿಸುವುದೇ ಎಂದು ಸಂಕಟವಾಯಿತು. ಆದರೆ ಉಪ್ಪಿನಕಾಯಿ ಭರಣಿ ಬೇಕಿರುವುದು ಉಪ್ಪಿನಕಾಯಿಗೆ, ಒಡೆದ ಭರಣಿಯ ಅಂದ ಯಾರಿಗೆ ಬೇಕು? ಪ್ರತಿ ಹೊಸ ಮುಚ್ಚಳದ ನಡುಭಾಗದಲ್ಲಿ ಒಂದು ಕುಳಿ ಮಾಡಿ, ಹಿಡಿಯನ್ನು ಆ ಕುಳಿಯೊಳಗೇ ಕೂರಿಸಿದೆ. ಅಂಚಿಗಿಂತ ಮೇಲೆ ಏನೂ ಏಳಲಿಲ್ಲ. ಭರಣಿ ಗಿಡ್ಡವಾಯಿತು, ನನ್ನ ಜಂಬವೂ.

ಸುಟ್ಟು ಬಂದ ಆರು ಭರಣಿಗಳನ್ನು ಅತ್ತೆ ಮತ್ತು ನಾನು ಕೂಡಿಯೇ ಕಟ್ಟಿದೆವು. ಒಳಗೆ ಅಚ್ಚಿಲ್ಲದ ಕಂದು ಕಾಗದ, ಅದರ ನಡುವೆ ಅಕ್ಕಿಯ ಪೊಟ್ಟಣ. ಬಾಯಿಗೂ ಮುಚ್ಚಳಕ್ಕೂ ನಡುವೆ ಮೆತ್ತನೆಯ ಫೋಮಿನ ಒಂದು ಬಳೆ. ಮುಚ್ಚಳ ನೆಟ್ಟಗೆ. ಅಲುಗದಂತೆ ಬಿಗಿಯಾಗಿ ಸುತ್ತಿ, ಭರಣಿ ಭರಣಿಗೆ ತಾಗದಂತೆ ನಡುವೆ ರಟ್ಟಿನ ಗೋಡೆ, ಸುತ್ತಲೂ ಮೂರು ಬೆರಳಿನಷ್ಟು ಕಾಗದದ ಮೆತ್ತೆ. ಪೆಟ್ಟಿಗೆಯೊಳಗೆ ಪೆಟ್ಟಿಗೆ ಬೇಡ, ಐದು ಪದರದ ಗಟ್ಟಿ ರಟ್ಟಿನದು ಒಂದೇ ಸಾಕು. ಅಲುಗಾಡಿಸಿದರೆ ಸದ್ದಿಲ್ಲ. ಅಳೆದು ನೋಡಿದರೆ ಲೆಕ್ಕದ ತೂಕ ನಿಜವಾದ ತೂಕದ ಹತ್ತಿರ ಬಂದಿತ್ತು.

"ಈಗ ಕೆಡವಬೇಕು," ಎಂದೆ.

"ಏನು ಹುಚ್ಚ ಹಿಡೀತೇನು ನಿನಗ?"

ಸೊಂಟದೆತ್ತರದಿಂದ, ಮೂಲೆ ಕೆಳಗಾಗುವಂತೆ ಕೆಡವಿ ನೋಡದೆ ಕಳಿಸಲಾಗದು ಎಂದು ವಿವರಿಸಿದೆ. ನಮ್ಮ ಕಟ್ಟಡದ ಕೆಳಗಿನ ಪಾರ್ಕಿಂಗಿಗೆ ಒಯ್ದು ಎತ್ತಿಕೊಂಡೆ, ಕೈ ಬಿಡಲಾಗಲಿಲ್ಲ. ಎಷ್ಟೋ ದಿನದ ಕೆಲಸ ಎದೆಗೆ ಅಂಟಿಕೊಂಡಿತ್ತು. ಅತ್ತೆ ನನ್ನ ಕೈಯಿಂದ ಪೆಟ್ಟಿಗೆಯನ್ನು ಕಸಿದು, "ಯಳಕೋಟ!" ಎಂದು ಖಂಡೋಬನನ್ನು ಕೂಗಿ, ಪಾರ್ಕಿಂಗಿನ ನೆಲದ ಮೇಲೆ ಧೊಪ್ಪನೆ ಬಿಟ್ಟುಬಿಟ್ಟರು. ವಾಚಮನ್ ಓಡಿಬಂದ. ಬಿಚ್ಚಿದೆವು. ಆರೂ ಸರಿಯಾಗಿದ್ದವು.

ಬೆಂಗಳೂರಿನಲ್ಲೂ ಸರಿಯಾಗಿಯೇ ತೆರೆದುಕೊಂಡವು. "ಇನ್ಮೇಲೆ ಪ್ರತಿ ತಿಂಗಳು ಕಳ್ಸಿ," ಎಂದು ಅಂಗಡಿಯಾಕೆ ಫೋಟೋ ಸಮೇತ ಬರೆದರು. ನಾನು ಅತ್ತೆಯ ಹೆಗಲಿಗೆ ತಲೆಯಿಟ್ಟು ಅತ್ತುಬಿಟ್ಟೆ.

ಮುಂದಿನ ಪೆಟ್ಟಿಗೆ ಒಯ್ಯಲು ಬಂದ ಕೊರಿಯರಿನವನು "ಕಾಕೂ, ಲವಕರ್ ದ್ಯಾ" ಎಂದು, ಬೇಗ ಕೊಡುವಂತೆ ಮರಾಠಿಯಲ್ಲಿ ಅವಸರ ಮಾಡಿದ. ಅತ್ತೆ ಪೆಟ್ಟಿಗೆ ಕೊಟ್ಟು, ಹೊರಡುವ ಯಾರಿಗೇ ಆದರೂ ಅನ್ನುವಂತೆ "ಹೋಗಿ..." ಎಂದವರು ‘ಬಾ’ ಎನ್ನದೆ ಅಲ್ಲಿಗೇ ತಡೆದರು. ಕಳಿಸಿದ ಪೆಟ್ಟಿಗೆ ಮನೆಗೆ ಮರಳಿತೆಂದರೆ ಒಡೆದಿದೆ ಎಂದೇ ಅರ್ಥವೆಂದು ಈಗ ಅವರಿಗೂ ತಿಳಿದಿತ್ತು.

"ಹೋಗವ್ವಾ," ಎಂದರು ಪೆಟ್ಟಿಗೆಗೆ. "ಅಲ್ಲೇ ಚಂದಂಗ ಇರು."

ಮದುವೆಯಾಗಿ ನಾನು ಧಾರವಾಡದಿಂದ ಹೊರಟಾಗ ಅವ್ವ ಗಾಡಿಯ ಕಿಟಕಿ ಹಿಡಿದು "ಹೋಗಿ ಬಾ" ಎಂದಷ್ಟೇ ಅಂದಿದ್ದಳು. ‘ಅಲ್ಲೇ ಇರು’ ಎನ್ನಲು ಅವಳಿಗೆ ಆಗಿರಲಿಲ್ಲ. ಅತ್ತೆ ಇನ್ನೂ ಬಾಗಿಲಲ್ಲೇ ನಿಂತಿದ್ದರು. ಅವರ ಕೈ ಹಿಡಿದು ಒಳಗೆ ಕರೆದುಕೊಂಡು ಬಂದೆ.